ಎರಡನೇ ಬ್ಯಾಗಿನ ಮೊದಲ ಅರ್ಧ ಗಂಟೆ

ಹೆರಿಗೆಯ ಮರುದಿನ ಬಾಣಂತಿಯ ಹಿಮೋಗ್ಲೋಬಿನ್ 6ರ ಆಸುಪಾಸಿಗೆ ಇಳಿದಿದೆ. ಎದ್ದು ಕೂತರೆ ತಲೆ ಸುತ್ತುತ್ತದೆ. ಎರಡು ಬ್ಯಾಗ್ ರಕ್ತ ಹಾಕಿ ಎಂದು ಡಾಕ್ಟರು ಬರೆದಿದ್ದಾರೆ. ನಮ್ಮ ಜಿಲ್ಲಾ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಿಗೆ ಇದೇನೂ ಹೊಸದಲ್ಲ. ಮನೆಯವರ ಕಣ್ಣು ಸ್ಟ್ಯಾಂಡಿಗೆ ತೂಗುಹಾಕಿದ ಕೆಂಪು ಬ್ಯಾಗಿನ ಮೇಲೆಯೇ ಇರುತ್ತದೆ. ಆದರೆ ಆ ಕೆಲವು ಗಂಟೆಗಳಲ್ಲಿ ಆಕೆಗೆ ಏನಾದರೂ ತೊಂದರೆಯಾದರೆ ಡಾಕ್ಟರು ಮೊದಲು ಕೈಗೆತ್ತಿಕೊಳ್ಳುವುದು ಕೇಸ್ ಶೀಟಿಗೆ ಸಿಕ್ಕಿಸಿದ ಒಂದು ಹಾಳೆಯನ್ನು. ರಕ್ತ ಹಾಕುವಾಗ ಮಾಡಿದ ತಪಾಸಣೆಗಳನ್ನೆಲ್ಲ ಸಿಸ್ಟರ್ ಬರೆದಿಡುವ ಚಾರ್ಟ್ ಅದು. ಅದರಲ್ಲಿ ಏನೇನು ಬರೆದಿದೆ ಎನ್ನುವುದಷ್ಟೇ ಅಲ್ಲ, ಅದನ್ನು ಹೇಗೆ ಜೋಡಿಸಿದೆ ಎನ್ನುವುದರ ಮೇಲೂ ಮುಂದಿನ ನಿರ್ಧಾರ ನಿಂತಿರುತ್ತದೆ.

ಬರೆಯಬೇಕಾದ್ದು ಬಹಳವೇನಿಲ್ಲ. ಬ್ಯಾಗಿನ ಮೇಲಿನ ಯೂನಿಟ್ ಸಂಖ್ಯೆ, ರಕ್ತದ ಗುಂಪು, ಅವಧಿ ಮುಗಿಯುವ ದಿನಾಂಕ. ಬ್ಲಡ್ ಬ್ಯಾಂಕಿನಿಂದ ಬ್ಯಾಗ್ ಹೊರಟ ಹೊತ್ತು, ಹನಿ ಶುರುವಾದ ಹೊತ್ತು, ಮುಗಿದ ಹೊತ್ತು. ನಡುನಡುವೆ ನೋಡಿದ ಜ್ವರ, ನಾಡಿ, ಉಸಿರು, ಬಿ.ಪಿ., ಆಮ್ಲಜನಕದ ಮಟ್ಟ. ಕೊನೆಗೆ ರೋಗಿಗೆ ಏನಾದರೂ ಅನ್ನಿಸಿತೇ ಎಂಬ ಟಿಪ್ಪಣಿ. ಎಡವಟ್ಟಾಗುವುದು ಇವನ್ನೆಲ್ಲ ಒಂದರ ಕೆಳಗೊಂದು ಒಂದೇ ಉದ್ದ ಪಟ್ಟಿಯಾಗಿ ಬರೆದಾಗ. ಬೆಳಿಗ್ಗೆ 10ಕ್ಕೆ ರಕ್ತ ಶುರು, ಗಂಟೆಗೊಂದು ಸಾಲು, ಸಂಜೆ 4ಕ್ಕೆ ಮುಕ್ತಾಯ ಎಂದಿದ್ದರೆ ಎರಡು ಬ್ಯಾಗುಗಳು ಕಾಗದದ ಮೇಲೆ ಒಂದೇ ಆಗಿಬಿಡುತ್ತವೆ. ದೇಹಕ್ಕೆ ಮಾತ್ರ ಅವು ಇಬ್ಬರು ಬೇರೆ ಬೇರೆ ದಾನಿಗಳ ರಕ್ತ.

ಉದಾಹರಣೆಗೆ ನಮ್ಮ ಈ ಬಾಣಂತಿಯ ದಿನವನ್ನೇ ಕಲ್ಪಿಸಿಕೊಳ್ಳೋಣ. ಗುಂಪು ಓ ಪಾಸಿಟಿವ್. ಮೊದಲ ಬ್ಯಾಗಿನ ಸಂಖ್ಯೆ 4417, ಎರಡನೆಯದು 4471. ಒಂದೇ ದಿನ ಇಷ್ಟು ಹೋಲುವ ಸಂಖ್ಯೆಗಳು ಬರುವುದುಂಟು. ಅದಕ್ಕಾಗಿಯೇ ಸಂಖ್ಯೆಯನ್ನು ಬ್ಯಾಗನ್ನೇ ನೋಡಿ ಬರೆಯಬೇಕು, ಹೊಂದಾಣಿಕೆ ಚೀಟಿಯನ್ನಷ್ಟೇ ನೋಡಿ ನಕಲು ಮಾಡಬಾರದು. ಬರೆದದ್ದನ್ನು ಇಬ್ಬರು ಸಿಬ್ಬಂದಿ ಓದಿ ತಾಳೆ ನೋಡಬೇಕು. ಅದೂ ಸಿಸ್ಟರ್‌ಗಳ ಮೇಜಿನ ಬಳಿ ಅಲ್ಲ, ಹಾಸಿಗೆಯ ಪಕ್ಕದಲ್ಲೇ. "ನಿಮ್ಮ ಹೆಸರು ಹೇಳಿಮ್ಮಾ" ಎಂದು ಕೇಳಿ ರೋಗಿಯ ಬಾಯಿಂದಲೇ ಹೇಳಿಸಬೇಕು. "ನೀವು ಇಂಥವರಲ್ವಾ?" ಎಂದು ಕೇಳಿದರೆ ನಿದ್ದೆಗಣ್ಣಿನಲ್ಲಿರುವವರು ಯಾವ ಹೆಸರಿಗೂ ಹೂಂ ಅಂದುಬಿಡುತ್ತಾರೆ. ಜೀವಕ್ಕೆ ಎರವಾಗುವಂಥ ತಪ್ಪು, ಎಂದರೆ ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗುವುದು, ಬಹುತೇಕ ಇಂಥ ಗುರುತಿನ ಎಡವಟ್ಟಿನಿಂದಲೇ ಆಗುತ್ತದೆ.

ಮೊದಲ ಬ್ಯಾಗ್ 10:05ಕ್ಕೆ ಶುರುವಾಯಿತು, 12:50ಕ್ಕೆ ಮುಗಿಯಿತು. ಏನೂ ತೊಂದರೆಯಿಲ್ಲ. ಎರಡನೆಯದು ಬ್ಲಡ್ ಬ್ಯಾಂಕಿನಿಂದ 12:50ಕ್ಕೆ ಹೊರಟು 13:15ಕ್ಕೆ ಶುರುವಾಯಿತು. ಫ್ರಿಜ್ಜಿನಿಂದ ಹೊರಬಂದ ಕೆಂಪುಕಣಗಳ ಬ್ಯಾಗನ್ನು ಅರ್ಧ ಗಂಟೆಯೊಳಗೆ ಶುರುಮಾಡಬೇಕು, ನಾಲ್ಕು ಗಂಟೆಯೊಳಗೆ ಮುಗಿಸಬೇಕು ಎಂಬ ನಿಯಮವಿದೆ. ಕೋಣೆಯ ಶಾಖದಲ್ಲಿ ಹೆಚ್ಚು ಹೊತ್ತು ಇದ್ದಷ್ಟೂ ರಕ್ತದಲ್ಲಿ ರೋಗಾಣುಗಳು ಬೆಳೆಯುವ ಅಪಾಯ ಹೆಚ್ಚು. ಹೊರಟ ಹೊತ್ತನ್ನು ಬರೆಯದಿದ್ದರೆ ಈ ಲೆಕ್ಕವನ್ನು ಯಾರೂ ಮಾಡಲಾರರು. ಇನ್ನು ಎರಡನೇ ಬ್ಯಾಗಿಗೆಂದು ಬೇರೆಯಾಗಿಯೇ ತೆರೆದ ಭಾಗ ಹೀಗಿದೆ:

| ಹೊತ್ತು | ಜ್ವರ (ಫ್ಯಾ.) | ನಾಡಿ | ಉಸಿರು | ಬಿ.ಪಿ. | ಆಮ್ಲಜನಕ | ಟಿಪ್ಪಣಿ |
|---|---|---|---|---|---|---|
| 13:10 | 98.6 | 92 | 18 | 112/70 | 98 | ಶುರುವಿಗೆ ಮುನ್ನ. ತೊಂದರೆ ಇಲ್ಲ |
| 13:15 | – | – | – | – | – | ಯೂನಿಟ್ 4471 ಶುರು, ನಿಧಾನ ಹನಿ |
| 13:30 | 98.8 | 94 | 18 | 110/70 | 98 | ತೊಂದರೆ ಇಲ್ಲ. ಹನಿ ಹೆಚ್ಚಿಸಿದೆ |
| 13:42 | 100.9 | 114 | 20 | 116/74 | 98 | ಚಳಿ, ನಡುಕ. ಬೆನ್ನುನೋವು, ದದ್ದು, ಉಬ್ಬಸ ಇಲ್ಲ. ಸುಮಾರು 70 ಮಿ.ಲೀ. ಹೋಗಿದೆ, ನಿಲ್ಲಿಸಿದೆ |

ಒಂದೇ ಉದ್ದ ಪಟ್ಟಿಯಾಗಿದ್ದರೆ ಈ ಜ್ವರ ಬಂದದ್ದು "ರಕ್ತ ಶುರುವಾಗಿ ಮೂರೂವರೆ ಗಂಟೆ ದಾಟಿದ ಮೇಲೆ" ಎಂದು ಕಾಣುತ್ತಿತ್ತು. ಬಾಣಂತಿಗೆ ಜ್ವರ ಬರಲು ಬೇರೆ ಕಾರಣಗಳೂ ಇರುವುದರಿಂದ, ಇರಲಿ ಬಿಡಿ ಎಂದು ಹನಿಯನ್ನು ಮುಂದುವರಿಸುವ ಅಪಾಯವಿತ್ತು. ಬ್ಯಾಗಿಗೊಂದು ಭಾಗ ಮಾಡಿದ್ದರಿಂದ, 4471 ಶುರುವಾಗಿ 27 ನಿಮಿಷಕ್ಕೆ ಜ್ವರ 2.3 ಡಿಗ್ರಿ ಏರಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಜ್ವರ 100.4 ಮುಟ್ಟಿ, ಜೊತೆಗೆ ಶುರುವಿಗೆ ಮುನ್ನ ಇದ್ದದ್ದಕ್ಕಿಂತ 1.8 ಡಿಗ್ರಿ ಫ್ಯಾರನ್‌ಹೀಟ್‌ನಷ್ಟಾದರೂ (ಸೆಲ್ಸಿಯಸ್‌ನಲ್ಲಿ ಒಂದು ಡಿಗ್ರಿ) ಏರಿದ್ದರೆ ಅದನ್ನು ರಕ್ತದ ಪ್ರತಿಕ್ರಿಯೆ ಎಂದು ಅನುಮಾನಿಸಲೇಬೇಕು. 13:10ರ ಸಾಲು ಇಲ್ಲದಿದ್ದರೆ ಏರಿಕೆಯನ್ನು ಯಾವುದರಿಂದ ಅಳೆಯುವುದು? ಅದಕ್ಕೇ ಪ್ರತಿ ಬ್ಯಾಗಿಗೂ ಹೊಸದಾಗಿ ಒಂದು "ಮುನ್ನ" ಸಾಲು ಬೇಕು. ಬೆಳಿಗ್ಗೆ ಹತ್ತರ ಅಂಕಿಗಳು ಮಧ್ಯಾಹ್ನಕ್ಕೆ ಸಲ್ಲವು. ಒಬ್ಬರು ಫ್ಯಾರನ್‌ಹೀಟ್‌ನಲ್ಲಿ, ಪಾಳಿ ಬದಲಾದ ಮೇಲೆ ಇನ್ನೊಬ್ಬರು ಸೆಲ್ಸಿಯಸ್‌ನಲ್ಲಿ ಬರೆದರೂ ಹೋಲಿಕೆ ಅಲ್ಲಿಗೇ ಕೈತಪ್ಪುತ್ತದೆ.

13:42 ಎನ್ನುವ ಹೊತ್ತನ್ನೂ ಗಮನಿಸಬೇಕು. ಶುರುವಾದ 15 ನಿಮಿಷಕ್ಕೆ ಒಮ್ಮೆ, ಆಮೇಲೆ ಅರ್ಧ ಗಂಟೆಗೋ ಗಂಟೆಗೋ ಒಮ್ಮೆ, ಮುಗಿದಾಗ ಒಮ್ಮೆ ನೋಡುವುದು ವಾಡಿಕೆ. ತೀವ್ರ ಪ್ರತಿಕ್ರಿಯೆಗಳು ಬಹಳಷ್ಟು ಸಲ ಮೊದಲ ಕೆಲವು ಹತ್ತು ಮಿ.ಲೀ. ರಕ್ತ ಹೋಗುವಷ್ಟರಲ್ಲೇ ತಲೆ ಎತ್ತುತ್ತವೆ. ಹಾಗಾಗಿ ಮೊದಲ 15 ನಿಮಿಷ ಹನಿ ನಿಧಾನವಾಗಿರಬೇಕು, ಸಿಸ್ಟರ್ ಹತ್ತಿರದಲ್ಲೇ ಇರಬೇಕು. ಆದರೆ ರೋಗಿಗೆ ಚಳಿ ಹುಟ್ಟುವುದು ನಮ್ಮ ವೇಳಾಪಟ್ಟಿ ನೋಡಿಕೊಂಡಲ್ಲ. ಹೊತ್ತುಗಳನ್ನು ಮೊದಲೇ ಅಚ್ಚುಹಾಕಿ, ನಡುವೆ ಖಾಲಿ ಸಾಲು ಬಿಡದ ಹಾಳೆಯಲ್ಲಿ ಈ 13:42ಕ್ಕೆ ಜಾಗವೇ ಇರುವುದಿಲ್ಲ. ಅದು ಬೇರೆಲ್ಲೋ ನರ್ಸಿಂಗ್ ಟಿಪ್ಪಣಿಯಲ್ಲಿ ಹೋಗಿ ಸೇರುತ್ತದೆ, ಇಲ್ಲವೇ ಮುಂದಿನ ಸರದಿಯ ತಪಾಸಣೆಯವರೆಗೆ ಕಾಯುತ್ತದೆ. ಎರಡೂ ಸರಿಯಲ್ಲ. ಕಾಗದದ ಮೇಲೆ ಬ್ಯಾಗಿಗೆ ಎರಡು ಮೂರು ಖಾಲಿ ಸಾಲು ಬಿಡುವುದಕ್ಕೆ ಖರ್ಚೇನೂ ಇಲ್ಲ.

ಟಿಪ್ಪಣಿಯ ಕೋಷ್ಟಕದಲ್ಲಿ "ಇಲ್ಲ" ಎಂದು ಬರೆದದ್ದಕ್ಕೂ ಬೆಲೆಯಿದೆ. "ರಿಯಾಕ್ಷನ್ ಆಯಿತು" ಎಂದಷ್ಟೇ ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಮೈಮೇಲೆ ದದ್ದು, ತುರಿಕೆ ಮಾತ್ರ ಇದ್ದರೆ ಅದು ಅಲರ್ಜಿಯ ದಾರಿ. ಬೆನ್ನು ಅಥವಾ ಸೊಂಟದ ನೋವು, ಬಿ.ಪಿ. ಕುಸಿತ, ಮೂತ್ರ ಕೆಂಪಾಗುವುದು ಗುಂಪು ತಪ್ಪಿದ ರಕ್ತದ ಸೂಚನೆ. ನಾಡಿ, ಉಸಿರು ಏರಿ, ಬಿ.ಪಿ.ಯೂ ಏರಿ, ಆಮ್ಲಜನಕ ಇಳಿಯುತ್ತಿದ್ದರೆ ದೇಹಕ್ಕೆ ದ್ರವದ ಹೊರೆ ಹೆಚ್ಚಾಗಿರಬಹುದು. ತೀರಾ ಬಸವಳಿದ ಬಾಣಂತಿಯರಲ್ಲೂ ವಯಸ್ಸಾದವರಲ್ಲೂ ಇದರ ಭಯ ಇದ್ದೇ ಇದೆ. ಉಸಿರಾಟದ ಈ ತೊಂದರೆಯನ್ನು ಮೊದಲು ತೋರಿಸಬೇಕಾದ್ದು ಉಸಿರಿನ ಕೋಷ್ಟಕ. ಅಂದಾಜಿನಿಂದ ತುಂಬುವುದೂ ಹೆಚ್ಚಾಗಿ ಅದನ್ನೇ ಎನ್ನುವುದು ನನಗೆ ಬಹಳ ಬೇಸರದ ಸಂಗತಿ. ಥರ್ಮಾಮೀಟರ್, ಬಿ.ಪಿ. ಯಂತ್ರ ತಾವಾಗಿಯೇ ಅಂಕಿ ಕೊಡುತ್ತವೆ. ಉಸಿರನ್ನು ಮಾತ್ರ ಎದೆಯ ಏರಿಳಿತ ನೋಡುತ್ತ ಒಂದು ನಿಮಿಷ ನಿಂತು ಎಣಿಸಬೇಕು. ಸಾಲಿನಿಂದ ಸಾಲಿಗೆ 20, 20, 20 ಎಂದೇ ಇರುವ ಚಾರ್ಟನ್ನು, ಎಲ್ಲ ಹೊತ್ತುಗಳೂ ಕರಾರುವಾಕ್ಕಾಗಿ 10:00, 11:00, 12:00 ಎಂದಿರುವ ಚಾರ್ಟನ್ನು ಅನುಭವಿಗಳು ನಂಬುವುದಿಲ್ಲ. ಕೊನೆಯಲ್ಲಿ ಒಟ್ಟಿಗೆ ಕೂತು ತುಂಬಿದ ಹಾಳೆಯ ಗುರುತು ಅದು.

ನಮ್ಮ ಬಾಣಂತಿಯ ಚಾರ್ಟ್ 13:42ರ ಸಾಲಿಗೆ ಮುಗಿಯುವುದಿಲ್ಲ. ಹನಿ ನಿಲ್ಲಿಸಿದ ಮೇಲೂ ಸೂಜಿಯನ್ನು ತೆಗೆಯದೆ, ಬ್ಯಾಗನ್ನೂ ಅದರ ಕೊಳವೆಯನ್ನೂ ಬಿಡಿಸಿ, ಹೊಸ ಸೆಟ್‌ನಲ್ಲಿ ನಾರ್ಮಲ್ ಸಲೈನ್ ಹರಿಯಬಿಡುತ್ತಾರೆ. ಡಾಕ್ಟರಿಗೆ ಕರೆ ಹೋದ ಹೊತ್ತು, ಅವರು ಬಂದ ಹೊತ್ತು, ಕೊಟ್ಟ ಔಷಧ ಎಲ್ಲವೂ ಮುಂದಿನ ಸಾಲುಗಳಲ್ಲಿ ಬರುತ್ತವೆ. ಕೈಪಟ್ಟಿ, ಬ್ಯಾಗ್, ಚೀಟಿ ಮೂರನ್ನೂ ಮತ್ತೊಮ್ಮೆ ತಾಳೆ ನೋಡುತ್ತಾರೆ. ಆಮೇಲೆ ಕೊಳವೆಯ ಸಮೇತ ಬ್ಯಾಗ್, ರೋಗಿಯ ಹೊಸ ರಕ್ತದ ಮಾದರಿ, ಮೂತ್ರದ ಮಾದರಿ ಪರೀಕ್ಷೆಗೆ ಹೋಗುತ್ತವೆ. ಮೊದಲ ಬ್ಯಾಗ್ ಕಸದ ಬುಟ್ಟಿಗೆ ಹೋಗಿರಬಾರದು. ಕೆಂಪುಕಣ ಒಡೆಯದೆ ಬರಿ ಜ್ವರ ಬರುವ ಪ್ರತಿಕ್ರಿಯೆ ರಕ್ತ ಮುಗಿದ ನಾಲ್ಕು ಗಂಟೆಯವರೆಗೂ ಕಾಣಿಸಿಕೊಳ್ಳಬಹುದು. ಆದ್ದರಿಂದ 12:50ಕ್ಕೆ ಮುಗಿದ 4417 ಕೂಡ ಅನುಮಾನದ ಪಟ್ಟಿಯಿಂದ ಪೂರ್ತಿ ಹೊರಗಿಲ್ಲ. ಎರಡೂ ಬ್ಯಾಗುಗಳ ಶುರು ಮತ್ತು ಮುಕ್ತಾಯದ ಹೊತ್ತು ಬೇರೆ ಬೇರೆ ಬರೆದಿದ್ದಾಗ ಮಾತ್ರ ಈ ತೂಗಿ ನೋಡುವ ಕೆಲಸ ಸಾಧ್ಯ.

ಬ್ಲಡ್ ಬ್ಯಾಂಕಿನಲ್ಲಿ ಗುಂಪನ್ನು ಮತ್ತೆ ನೋಡಿದಾಗ ಹೊಂದಾಣಿಕೆ ಸರಿಯಿದೆ, ರೋಗಿಯ ರಕ್ತದ ತಿಳಿಯಲ್ಲಿ ಕೆಂಪಿಲ್ಲ, ಕೂಂಬ್ಸ್ ಪರೀಕ್ಷೆ ನೆಗೆಟಿವ್ ಎಂದಿಟ್ಟುಕೊಳ್ಳೋಣ. ಬ್ಯಾಗಿನ ರಕ್ತದ ಕಲ್ಚರ್‌ನಲ್ಲೂ ಏನೂ ಬೆಳೆಯಲಿಲ್ಲ. ಆಗ ಉಳಿಯುವುದು ದಾನಿಯ ಬಿಳಿಕಣಗಳಿಂದ, ಅವು ಸಂಗ್ರಹದಲ್ಲಿದ್ದಾಗ ಬಿಟ್ಟ ರಾಸಾಯನಿಕಗಳಿಂದ ಬಂದ ಜ್ವರ. ಜೀವಕ್ಕೆ ಅಪಾಯವಿಲ್ಲ, ಪ್ಯಾರಾಸಿಟಮಾಲ್‌ಗೆ ಇಳಿಯುತ್ತದೆ. ಆದರೆ ಮೊದಲ ಹತ್ತು ನಿಮಿಷದಲ್ಲಿ ಈ ಜ್ವರವೂ ಗುಂಪು ತಪ್ಪಿದ ರಕ್ತದ ಜ್ವರವೂ ನೋಡಲು ಒಂದೇ ಥರ. ಅಪಾಯವಿಲ್ಲ ಎನ್ನುವುದು ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೇಳಬಹುದಾದ ಮಾತು. ಚಾರ್ಟ್ ಎಷ್ಟೇ ಚೆನ್ನಾಗಿದ್ದರೂ ಅದು ರೋಗ ಪತ್ತೆ ಮಾಡದು. ಯಾವಾಗ ನಿಲ್ಲಿಸಬೇಕು, ಯಾವ ಬ್ಯಾಗನ್ನು ಹುಡುಕಬೇಕು ಎಂಬುದನ್ನು ಮಾತ್ರ ತೋರಿಸುತ್ತದೆ. ಅರಿವಳಿಕೆಯಲ್ಲಿರುವ ರೋಗಿ ಚಳಿ ಎಂದು ಹೇಳಲಾರ. ಅಲ್ಲಿ ಬಿ.ಪಿ., ನಾಡಿ, ಮೂತ್ರದ ಬಣ್ಣಗಳೇ ಆತನ ಪರವಾಗಿ ಹೇಳಬೇಕು.

ಇಂಥ ಪ್ರಕರಣಗಳನ್ನು ದೇಶಮಟ್ಟದಲ್ಲಿ ಕಲೆಹಾಕಲು 2012ರ ಡಿಸೆಂಬರ್ 10ರಂದು ಭಾರತದ ಹೀಮೋವಿಜಿಲೆನ್ಸ್ ಕಾರ್ಯಕ್ರಮ ಶುರುವಾಯಿತು. ನೊಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ಪ್ರತಿಕ್ರಿಯೆಯ ವರದಿಗೆ ಅಲ್ಲೊಂದು ನಮೂನೆ ಇದೆ. ವಾರ್ಡಿನ ಚಾರ್ಟ್ ಬ್ಯಾಗಿಗೊಂದು ಭಾಗವಾಗಿದ್ದರೆ, ಯೂನಿಟ್ ಸಂಖ್ಯೆ, ಹೊತ್ತು, ಲಕ್ಷಣ, ಏರಿಳಿತಗಳನ್ನು ಅದರಿಂದಲೇ ನೋಡಿ ತುಂಬಬಹುದು. ಯಾರ ನೆನಪನ್ನೂ ಕೆದಕಬೇಕಿಲ್ಲ.

ಬಾಣಂತಿಯ ಡಿಸ್ಚಾರ್ಜ್ ಚೀಟಿಗೂ ಒಂದು ಸಾಲು ಹೋಗಬೇಕು: ಇಂಥ ದಿನ, ಯೂನಿಟ್ 4471, ಶುರುವಾದ 27 ನಿಮಿಷಕ್ಕೆ ಚಳಿ-ಜ್ವರ, ಕೆಂಪುಕಣ ಒಡೆದಿಲ್ಲ. ಆಕೆಗೆ ಮುಂದೆಂದಾದರೂ ರಕ್ತ ಬೇಕಾಗಿ ಇನ್ನೊಮ್ಮೆ ಹೀಗೇ ಆದರೆ, ಬಿಳಿಕಣಗಳನ್ನು ಸೋಸಿ ತೆಗೆದ ಬ್ಯಾಗನ್ನು ಕೇಳಲು ಅಲ್ಲಿಯ ಡಾಕ್ಟರಿಗೆ ಆ ಒಂದು ಸಾಲು ಸಾಕು.