ನಗುತ್ತ ಮಾತಾಡಿದ ಮೇಲೆ

2009ರ ಮಾರ್ಚ್ 16ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಹಿಮದಿಳಿಜಾರಿನಲ್ಲಿ ಸ್ಕೀ ಕಲಿಯುತ್ತಿದ್ದ ನಟಿ ನತಾಶಾ ರಿಚರ್ಡ್‌ಸನ್ ಬಿದ್ದರು. ಗಾಯವೇನೂ ಕಾಣಲಿಲ್ಲ. ನಗುತ್ತ ಮಾತಾಡಿದರು, ಬಂದಿದ್ದ ಆಂಬುಲೆನ್ಸ್ ಹಾಗೇ ವಾಪಸಾಯಿತು. ಸುಮಾರು ಒಂದು ಗಂಟೆಯ ನಂತರ ತಲೆನೋವು ಶುರುವಾಯಿತು. 18ರಂದು ತೀರಿಕೊಂಡರು. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಶೇಖರವಾಗಿದ್ದೇ ಸಾವಿಗೆ ಕಾರಣವೆಂದು ಮರಣೋತ್ತರ ಪರೀಕ್ಷೆ ಹೇಳಿತು.

ಒಳಗೆ ರಕ್ತ ಸುರಿಯುತ್ತಿದ್ದರೂ ಮನುಷ್ಯ ಅಷ್ಟು ಹೊತ್ತು ಚೆನ್ನಾಗಿರುವುದು ಹೇಗೆ? ಬೆಳೆದವರ ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ನೂರಕ್ಕೆ ಎಂಬತ್ತು ಪಾಲು ಮಿದುಳು. ಉಳಿದದ್ದು ರಕ್ತ ಮತ್ತು ಮಿದುಳನ್ನು ಸುತ್ತಿರುವ ನೀರಿನಂಥ ದ್ರವ. ಹೊಸದಾಗಿ ರಕ್ತ ಸೇರಿದಾಗ ಆ ದ್ರವ ಬೆನ್ನುಹುರಿಯ ಕಡೆಗೆ ಸರಿದು, ಅಭಿಧಮನಿಗಳ ರಕ್ತ ಹೊರಗೆ ಹರಿದು ಜಾಗ ಬಿಡುತ್ತವೆ. ಆದ್ದರಿಂದ ಒತ್ತಡ ಅಷ್ಟಾಗಿ ಏರುವುದಿಲ್ಲ. ಬಿಡಲು ಜಾಗವೇ ಉಳಿಯದಾದಾಗ ಕತೆ ಬದಲಾಗುತ್ತದೆ: ಆಮೇಲೆ ಸೇರುವ ಒಂದೆರಡು ಚಮಚ ರಕ್ತಕ್ಕೂ ಒತ್ತಡ ನೆಗೆಯುತ್ತದೆ. ಸಾಮಾನ್ಯವಾಗಿ 15 ಮಿ.ಮೀ. ಪಾದರಸದೊಳಗಿರುವ ಈ ಒತ್ತಡ 22 ದಾಟಿದರೆ ವೈದ್ಯರು ಇಳಿಸಲು ಮುಂದಾಗುತ್ತಾರೆ.

ಆಗ ಮಿದುಳೇ ಜಾಗ ಬಿಟ್ಟು ಸರಿಯತೊಡಗುತ್ತದೆ. ಇದನ್ನೇ ಹರ್ನಿಯೇಷನ್ ಎನ್ನುವುದು. ಇಂಥ ರಕ್ತಸ್ರಾವ ಹೆಚ್ಚಾಗಿ ಆಗುವುದು ಕಪೋಲದ ಬಳಿ. ಅಲ್ಲಿ ಎಲುಬು ತೆಳು, ಅದರ ಒಳಮೈಗೆ ಅಂಟಿಕೊಂಡೇ ಒಂದು ಧಮನಿ ಹರಿಯುತ್ತದೆ. ಶೇಖರವಾದ ರಕ್ತ ತಳ್ಳಿದಾಗ ಮಿದುಳಿನ ಪಕ್ಕದ ಭಾಗದ ಒಳಅಂಚು, ಮೇಲಿನ ಮತ್ತು ಹಿಂದಿನ ಮಿದುಳನ್ನು ಬೇರ್ಪಡಿಸುವ ಗಟ್ಟಿ ಪೊರೆಯ ಕಂಡಿಯೊಳಗೆ ನುಸುಳುತ್ತದೆ. ಕಣ್ಣಿನ ಪಾಪೆಯನ್ನು ಕಿರಿದಾಗಿಸುವ ನರ ಹಾದುಹೋಗುವುದು ಅದೇ ದಾರಿಯಲ್ಲಿ. ಅದು ಅದುಮಿಹೋದಾಗ ಸಾಮಾನ್ಯವಾಗಿ ಪೆಟ್ಟು ಬಿದ್ದ ಬದಿಯ ಪಾಪೆ ಹಿಗ್ಗುತ್ತದೆ, ಟಾರ್ಚ್ ಬಿಟ್ಟರೂ ಕುಗ್ಗುವುದಿಲ್ಲ. ಎದುರು ಬದಿಯ ಕೈಕಾಲು ಸೋಲುತ್ತವೆ. ಕೊನೆಗೆ ಮಿದುಳುಕಾಂಡ ಒತ್ತಿಹೋಗಿ ರಕ್ತದೊತ್ತಡ ಏರುತ್ತದೆ, ನಾಡಿ ನಿಧಾನವಾಗುತ್ತದೆ, ಉಸಿರಿನ ಲಯ ತಪ್ಪುತ್ತದೆ. ಕಳೆದ ಶತಮಾನದ ಆರಂಭದಲ್ಲೇ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ವಿವರಿಸಿದ ಈ ಮೂರು ಚಿಹ್ನೆಗಳು ಒಟ್ಟಿಗೆ ಕಂಡವೆಂದರೆ ಉಳಿದಿರುವುದು ನಿಮಿಷಗಳ ಲೆಕ್ಕ.

ಮನೆಯವರು ಪಾಪೆ ಹಿಗ್ಗುವ ತನಕ ಕಾಯಬಾರದು. ಅದಕ್ಕೂ ಮೊದಲೇ ತಲೆನೋವು ಹೆಚ್ಚುತ್ತ ಹೋಗುತ್ತದೆ, ಮತ್ತೆ ಮತ್ತೆ ವಾಂತಿಯಾಗುತ್ತದೆ, ಮಾತು ಗೊಂದಲವಾಗುತ್ತದೆ, ಕಾರಣವಿಲ್ಲದೆ ಚಡಪಡಿಕೆ ಬರುತ್ತದೆ. ಎಲ್ಲಕ್ಕಿಂತ ಮೋಸದ್ದು ಮಂಪರು. ಬೈಕಿನಿಂದ ಬಿದ್ದು ಬಂದವನು ಗೊರಕೆ ಹೊಡೆಯುತ್ತಿದ್ದರೆ ‘ಸುಸ್ತಾಗಿದ್ದಾನೆ, ಮಲಗಲಿ ಬಿಡಿ’ ಎನ್ನುತ್ತೇವೆ. ಎಬ್ಬಿಸಿದರೆ ಪೂರ್ತಿ ಎಚ್ಚರವಾಗದವನಿಗೆ ಬೇಕಿರುವುದು ಸಿ.ಟಿ. ಸ್ಕ್ಯಾನ್ ಮತ್ತು ನರಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆ. ಚಡಪಡಿಸುತ್ತಾನೆಂದು ನಿದ್ದೆಮಾತ್ರೆ ಕೊಟ್ಟರೆ ಆ ಸುಳಿವೂ ಮುಚ್ಚಿಹೋಗುತ್ತದೆ. ಆಸ್ಪತ್ರೆಯಲ್ಲಿ ತಲೆಯನ್ನು ಸುಮಾರು 30 ಡಿಗ್ರಿ ಎತ್ತರಿಸಿ, ಮ್ಯಾನಿಟಾಲ್ ಹನಿಸಿ ಒತ್ತಡ ಇಳಿಸಬಹುದಾದರೂ ಅದು ಆಪರೇಷನ್ ಥಿಯೇಟರ್ ತಲುಪುವವರೆಗೆ ಸಿಗುವ ಬಿಡುವು ಮಾತ್ರ. ಎಲುಬು ತೆರೆದು ಹೆಪ್ಪುಗಟ್ಟಿದ ರಕ್ತವನ್ನು ತೆಗೆಯಲೇಬೇಕು. ಪಾಪೆ ಹಿಗ್ಗುವ ಮೊದಲೇ ಈ ಶಸ್ತ್ರಚಿಕಿತ್ಸೆ ಆದವರಲ್ಲಿ ಹೆಚ್ಚಿನವರು ಬದುಕುತ್ತಾರೆ.