ಮೂರಡಿ ಹಾಳೆಯಲ್ಲಿ ಮದುವೆ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಒಂದು ಮದುವೆ ಎಂದಿಟ್ಟುಕೊಳ್ಳಿ. ಡಿಸೈನರ್ 30 ಶೀಟ್ ಜೋಡಿಸಿ ಮೊಬೈಲಿಗೆ ಕಳಿಸಿದ್ದಾನೆ. ಮನೆಯವರು ಹೆಸರಿನ ಕಾಗುಣಿತ ನೋಡಿ, ಯಾವ ಚಿಕ್ಕಪ್ಪ ಬಿಟ್ಟುಹೋದರು ಎಂದು ಲೆಕ್ಕ ಹಾಕಿ ‘ಓಕೆ’ ಅಂದುಬಿಡುತ್ತಾರೆ. ಪುಟಗಳನ್ನು ನಿಜವಾಗಿ ತಿದ್ದುವ ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ.

ಸ್ಟುಡಿಯೋಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಕರಿಜ್ಮಾ ಆಲ್ಬಮ್ಮಿನ ಒಂದು ಅಳತೆ 12×36 ಇಂಚು. ಬಿಚ್ಚಿದರೆ ಮೂರಡಿ ಅಗಲ, ನಡುವೆ ಮಡಿಕೆ. ಅರ್ಧ ಶೀಟು 12×18. ಸಾಮಾನ್ಯ ಕ್ಯಾಮೆರಾದ ಅಡ್ಡ ಚಿತ್ರದ ಅನುಪಾತವೂ ಅದೇ ಆದ್ದರಿಂದ ಒಂದು ಪುಟಕ್ಕೆ ಚಿತ್ರ ಪೂರ್ತಿ ಕೂರುತ್ತದೆ. ಅದನ್ನೇ ಎರಡೂ ಪುಟಕ್ಕೆ ಎಳೆದರೆ ಚಿತ್ರದ ಎತ್ತರದಲ್ಲಿ ಅರ್ಧ ಕತ್ತರಿಸಿಹೋಗುತ್ತದೆ. ಆರತಕ್ಷತೆಯ ವೇದಿಕೆಯ ಚಿತ್ರವನ್ನು ಹೀಗೆ ಎಳೆದಾಗ ಕಾಲು ಹೋಗುತ್ತದೆ, ಕೆಲವೊಮ್ಮೆ ಪೇಟವೂ ಹೋಗುತ್ತದೆ. ಗಂಡು ಹೆಣ್ಣಿನ ನಡುವೆ ನಿಂತವರ ಮೂಗಿನ ಮೇಲೆ ಮಡಿಕೆ ಬೀಳುತ್ತದೆ. ಕಣ್ವ ಜಲಾಶಯದ ದಡದಲ್ಲಿ ತೆಗೆದ ಜೋಡಿ ಚಿತ್ರವಾದರೆ ತೊಂದರೆಯಿಲ್ಲ: ಕತ್ತರಿಸಲು ಆಕಾಶವಿದೆ, ಮಡಿಕೆ ಬೀಳಲು ನೀರಿದೆ. ಜೋಡಿ ಮಾತ್ರ ಒಂದು ಪಕ್ಕಕ್ಕಿರಬೇಕು.

ಅಳತೆಯ ವಿಷಯದಲ್ಲಿ ಹೆಚ್ಚಿನವರ ಅಂದಾಜು ತಲೆಕೆಳಗಾಗಿರುತ್ತದೆ. ಮದುಮಗಳ ಮುಖದ ಚಿತ್ರ ದೊಡ್ಡದು, ನೆಂಟರ ಗುಂಪು ಚಿಕ್ಕದು ಎಂದು ಹಂಚುತ್ತಾರೆ. ಹನ್ನೆರಡು ಜನ ಸಾಲಾಗಿ ನಿಂತ ಚಿತ್ರವನ್ನು 8 ಇಂಚು ಅಗಲಕ್ಕೆ ಇಳಿಸಿದರೆ ಒಬ್ಬೊಬ್ಬರಿಗೆ ಮುಕ್ಕಾಲು ಇಂಚೂ ಸಿಗುವುದಿಲ್ಲ, ಅದರಲ್ಲಿ ಮುಖವೆಷ್ಟು? ಒಂದೇ ಮುಖವಿರುವ ಚಿತ್ರ 5 ಇಂಚಿನಲ್ಲೂ ಚೆನ್ನಾಗಿ ಕಾಣುತ್ತದೆ. ಚಿತ್ರದಲ್ಲಿ ಗುರುತು ಸಿಗಬೇಕಾದ ಅತಿ ಚಿಕ್ಕ ಮುಖವೇ ಅದರ ಅಳತೆಯನ್ನು ನಿರ್ಧರಿಸಬೇಕು. ಮೊಬೈಲಿನಲ್ಲಿ ಇದು ತಿಳಿಯುವುದಿಲ್ಲ, ಅಲ್ಲಿ ಎಲ್ಲವೂ ಚಿಕ್ಕದೇ. ಚಿತ್ರದ ಅಳತೆಗೆ ಒಂದು ಕಾಗದ ಕತ್ತರಿಸಿ ಮೇಜಿನ ಮೇಲಿಟ್ಟು ನೋಡಿದರೆ ಸಾಕು.

ಆಮೇಲೆ ಮೂವತ್ತೂ ಶೀಟುಗಳನ್ನು ಬೆರಳುಗಾತ್ರಕ್ಕೆ ಇಳಿಸಿ ಒಂದೇ ಪರದೆಯಲ್ಲಿ ಹರಡಬೇಕು. ಚಪ್ಪರ, ಅರಿಶಿನ, ಧಾರೆ ಎಲ್ಲವೂ ಪುಟಕ್ಕೆ ಆರಾರು ಚಿತ್ರಗಳಂತೆ ತುಂಬಿದ್ದರೆ ಧಾರೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ನಮ್ಮ ಅಕ್ಕೂರಿನ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿನ ಒಂಬತ್ತು ಚಿತ್ರಗಳು ಒಂದೇ ಶೀಟಿನಲ್ಲಿವೆ, ಹಿಂದೆ ಮಸುಕಾದ ಗುಲಾಬಿ. ಏಳನ್ನು ತೆಗೆಯಿರಿ. ಎಡಪುಟಕ್ಕೆ ತಾಳಿಯ ಚಿತ್ರ ಪೂರ್ತಿ, ಬಲಪುಟದ ಹೊರ ಅಂಚಿನತ್ತ ಹೆತ್ತವಳ ಮುಖ, 5 ಇಂಚು ಅಗಲ. ಉಳಿದದ್ದು ಬಿಳಿ. ಆ ಬಿಳಿ ಒಂದೇ ಕಡೆ ಕೂಡಿಕೊಂಡಿರಲಿ. ನಾಲ್ಕು ಚಿತ್ರಗಳ ಸಂದಿಯಲ್ಲಿ ಹರಿದು ಹಂಚಿಹೋದರೆ ಏನೋ ಬಿಟ್ಟುಹೋದಂತೆ ಕಾಣುತ್ತದೆ.

‘ಖಾಲಿ ಜಾಗಕ್ಕೂ ದುಡ್ಡಾ?’ ಎಂಬ ಪ್ರಶ್ನೆ ಬರುತ್ತದೆ. ಶೀಟಿನ ಲೆಕ್ಕದಲ್ಲಿ ಹಣ ಕೊಡುವವರು ಕೇಳುವುದು ನ್ಯಾಯವೇ. ಹಾಗಾಗಿ ಈ ಬಿಳಿಯನ್ನು ಮೂರ್ನಾಲ್ಕು ಕಡೆ ಮಾತ್ರ ಬಳಸಿ, ತೆಗೆದ ಏಳರಲ್ಲಿ ಅಕ್ಷತೆ ಹಾಕುವವರ ಎರಡನ್ನು ಮುಂದಿನ ಶೀಟಿಗೆ ಕಳಿಸಿ. ಆರತಕ್ಷತೆಯ ಪುಟಗಳು ತುಂಬಿಯೇ ಇರಲಿ. ಅಲ್ಲಿ ಎಲ್ಲರೂ ಹುಡುಕುವುದು ತಮ್ಮ ಮುಖವನ್ನೇ.