ಎಕರೆಗೆ ಎಷ್ಟು ಕ್ವಿಂಟಲ್ ಬಂದರೆ ಸಾಲ ಬೆಳೆಯುವುದಿಲ್ಲ?

ಯರಗೇರಾ ಸುತ್ತಿನ ಎರೆ ಹೊಲಗಳಲ್ಲಿ ಮುಂಗಾರಿಗೆ ಬಿತ್ತಿದ ಹತ್ತಿಯನ್ನು ಮೂರು ನಾಲ್ಕು ಸಲ ಬಿಡಿಸಿ, ಬಂದಷ್ಟನ್ನು ರಾಯಚೂರು ಮಾರುಕಟ್ಟೆಗೆ ಸಾಗಿಸುತ್ತಾರೆ. ಖರ್ಚೂ ಹಾಗೆಯೇ ತಿಂಗಳುಗಟ್ಟಲೆ ಚದುರಿರುತ್ತದೆ. ಅದನ್ನೆಲ್ಲ ಕೂಡಿಸಿ ಎಕರೆಗೆ ಉಳಿದದ್ದೆಷ್ಟು ಎಂದು ನೋಡುವ ಹೊತ್ತಿಗೆ ಒಂದೆರಡು ಸಾಲುಗಳು ಬಿಟ್ಟುಹೋಗುತ್ತವೆ. ಹಾಗೆ ಬಿಟ್ಟುಹೋದದ್ದೇ ಮುಂದಿನ ವರ್ಷದ ಸಾಲವಾಗುತ್ತದೆ.

ನಾಲ್ಕು ಎಕರೆಯ ಒಂದು ಮಾದರಿ ಲೆಕ್ಕ ತೆಗೆದುಕೊಳ್ಳೋಣ. ದರಗಳು ದಾರಿ ತೋರಿಸಲು ಇಟ್ಟುಕೊಂಡವು. ಅವುಗಳ ಜಾಗದಲ್ಲಿ ನಿಮ್ಮ ಹೊಲದ ದರ ಬರೆದುಕೊಳ್ಳಿ. ಬೀಜ, ಗೊಬ್ಬರ, ಔಷಧ, ಟ್ರ್ಯಾಕ್ಟರ್ ಬಾಡಿಗೆ, ಕಳೆ ತೆಗೆದ ಕೂಲಿ ಸೇರಿ 68,000 ರೂಪಾಯಿ. ಎಕರೆಗೆ 7 ಕ್ವಿಂಟಲಿನಂತೆ 28 ಕ್ವಿಂಟಲ್ ಹತ್ತಿ. ಕಿಲೋಗೆ 12 ರೂಪಾಯಿಯಂತೆ ಬಿಡಿಸಿದ ಕೂಲಿ 33,600. ಸಾಗಣೆ, ಹಮಾಲಿ 2,800. ಕ್ವಿಂಟಲಿಗೆ 7,000ದಂತೆ ಮಾರಿದ್ದು 1,96,000. ಉಳಿದದ್ದು 91,600, ಅಂದರೆ ಎಕರೆಗೆ 22,900. ನೋಟ್‌ಬುಕ್ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ.

ಆದರೆ ಬಿತ್ತನೆಗೆಂದು ದಲಾಲಿ ಅಂಗಡಿಯಿಂದ 80,000 ತಂದಿದ್ದಾರೆ ಎನ್ನೋಣ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿಯಂತೆ ಎಂಟು ತಿಂಗಳಿಗೆ ಬಡ್ಡಿ 12,800. ಗಂಡ ಹೆಂಡತಿ ಸೇರಿ ಹೊಲದಲ್ಲಿ ದುಡಿದದ್ದು 90 ಆಳಿನ ಕೆಲಸ. ದಿನಕ್ಕೆ 400ರಂತೆ 36,000. ಹೊಲವನ್ನು ಬೇರೆಯವರಿಗೆ ಲೀಸಿಗೆ ಕೊಟ್ಟಿದ್ದರೆ ಎಕರೆಗೆ 12,000ದಂತೆ 48,000 ಬರುತ್ತಿತ್ತು. ಇವನ್ನೆಲ್ಲ ಕಳೆದರೆ ಎಕರೆಗೆ 1,300 ರೂಪಾಯಿ ನಷ್ಟ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೂ ‘ಸಿ2’ ಎಂಬ ಪೂರ್ಣ ವೆಚ್ಚದಲ್ಲಿ ಮನೆಯವರ ದುಡಿಮೆಗೆ, ಸ್ವಂತ ಭೂಮಿಯ ಬಾಡಿಗೆಗೆ ಬೆಲೆ ಕಟ್ಟುತ್ತದೆ.

ಸಾಲದ ಸಾಲಿನಲ್ಲಿ ತಪ್ಪುವುದು ಸುಲಭ. ತಂದ 80,000 ಆದಾಯವಲ್ಲ, ತೀರಿಸಿದ 80,000 ಖರ್ಚೂ ಅಲ್ಲ. ಆ ಹಣದಲ್ಲಿ ಕೊಂಡ ಬೀಜ, ಗೊಬ್ಬರ ಆಗಲೇ ಖರ್ಚಿನಲ್ಲಿ ಸೇರಿವೆ. ಬಡ್ಡಿಯೊಂದೇ ಖರ್ಚು. ಅಂಗಡಿಯವರು ಸಾಲ ಮುರಿದುಕೊಂಡು ಉಳಿದದ್ದನ್ನು ಕೈಗೆ ಕೊಟ್ಟಾಗ ಆ ಮೊತ್ತವನ್ನೇ ಮಾರಾಟ ಎಂದು ಬರೆದರೆ, ಲಾಭವಾದ ವರ್ಷವೂ ನಷ್ಟದಂತೆ ಕಾಣುತ್ತದೆ. ಬರೆಯಬೇಕಾದದ್ದು ತೂಕದ ಚೀಟಿಯಲ್ಲಿರುವ ಕ್ವಿಂಟಲ್ ಮತ್ತು ದರ.

ಸ್ವಂತ ಹೊಲದವರ 1,300ರ ನಷ್ಟ ಬಹುಪಾಲು ಕಾಗದದ ಮೇಲಿನದು. ದುಡಿಮೆಗೆ ತಕ್ಕ ಕೂಲಿ, ಭೂಮಿಗೆ ತಕ್ಕ ಬಾಡಿಗೆ ಪೂರ್ತಿ ಸಿಗಲಿಲ್ಲ ಎಂದಷ್ಟೇ ಅದರ ಅರ್ಥ, ಕೈಯಲ್ಲಿ ಹಣವಿದೆ. ಲೀಸಿಗೆ ಮಾಡಿದವರಿಗೆ ಅದೇ 48,000 ನಗದಾಗಿ ಹೋಗುತ್ತದೆ. ನನ್ನ ಆತಂಕವಿರುವುದು ಇವರ ಬಗ್ಗೆ.

ಒಂದು ಸರಳ ಅಳತೆಯಿದೆ. ಇಳುವರಿ ಎಷ್ಟೇ ಬಂದರೂ ತಪ್ಪದ ಖರ್ಚು, ಅಂದರೆ ಸಾಗುವಳಿ, ಲೀಸು, ಬಡ್ಡಿ, ಎಕರೆಗೆ 32,200. ಒಂದು ಕ್ವಿಂಟಲಿನ ಬೆಲೆಯಲ್ಲಿ ಬಿಡಿಸುವ ಕೂಲಿ 1,200, ಸಾಗಣೆ 100 ಕಳೆದರೆ ಉಳಿಯುವುದು 5,700. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 5.65 ಕ್ವಿಂಟಲ್. ಇದು ಸಮತೋಲನ ಇಳುವರಿ: ಇದಕ್ಕಿಂತ ಕಡಿಮೆ ಬಂದರೆ ಮನೆಯವರ ಕೂಲಿಗೆ ಒಂದು ಪೈಸೆ ಹಿಡಿಯದಿದ್ದರೂ ಕೈಯಿಂದಲೇ ಹೋಗುತ್ತದೆ. ಸ್ವಂತ ಹೊಲದವರಿಗೆ ಇದು 3.5ರ ಆಸುಪಾಸು. ಬಿಡಿಸುವ ಕೂಲಿ ಕಿಲೋಗೆ 15 ಆದರೆ ಲೀಸಿನವರ ಗಡಿ 6 ಕ್ವಿಂಟಲಿನ ಹತ್ತಿರಕ್ಕೆ ಏರುತ್ತದೆ.

ಮಳೆ ಕೈಕೊಟ್ಟು ಎಕರೆಗೆ 5 ಕ್ವಿಂಟಲ್ ಬಂದಿತೆನ್ನಿ. ಲೀಸಿನವರಿಗೆ ನಾಲ್ಕು ಎಕರೆಯಲ್ಲಿ 14,800 ಕಡಿಮೆ ಬೀಳುತ್ತದೆ. ಮನೆಯ ಊಟದ ಖರ್ಚು ಇದರಲ್ಲಿ ಸೇರಿಲ್ಲ. ಈ ಕೊರತೆ ಹಳೆ ಸಾಲಕ್ಕೆ ಕೂಡುತ್ತದೆ. ಅದೇ ದರದಲ್ಲಿ ವರ್ಷಕ್ಕೆ ಅದರ ಬಡ್ಡಿ 3,552, ಎಕರೆಗೆ 888. ಒಂದು ಚೀಲ ಗೊಬ್ಬರ ಹೆಚ್ಚು ಹಾಕದೆಯೇ ಮುಂದಿನ ವರ್ಷದ ಸಮತೋಲನ ಇಳುವರಿ ಮೇಲೇರುತ್ತದೆ. ಗಡಿ ಏರಿದಷ್ಟೂ ಅದರ ಕೆಳಗೆ ಬೀಳುವ ವರ್ಷಗಳು ಹೆಚ್ಚುತ್ತವೆ. ಒಳ್ಳೆಯ ಮಳೆಯ ಒಂದು ವರ್ಷ ಇದನ್ನು ಸರಿಪಡಿಸಬಲ್ಲದು, ಆದರೆ ಎರಡು ಕೆಟ್ಟ ವರ್ಷಗಳು ಒಟ್ಟಿಗೆ ಬಂದರೆ ಅದಕ್ಕೂ ಆಗುವುದಿಲ್ಲ.

ಬಡ್ಡಿ ದುಬಾರಿಯಾಗಲು ಒಂದು ಕಾರಣ ಪಹಣಿ. ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆ ಸಾಲವಾಗಲಿ, ಭಾರತೀಯ ಹತ್ತಿ ನಿಗಮದ ಬೆಂಬಲ ಬೆಲೆಯಾಗಲಿ ಪಹಣಿಯಲ್ಲಿ ಹೆಸರಿದ್ದವರಿಗೆ ಸಿಗುತ್ತದೆ. 2025-26ಕ್ಕೆ ಉದ್ದ ಎಳೆಯ ಹತ್ತಿಯ ಬೆಂಬಲ ಬೆಲೆ 8,110. ಬಾಯಿಮಾತಿನ ಲೀಸಿನವರು ಸಾಲ ಕೊಟ್ಟ ಅಂಗಡಿಗೇ, ಅಲ್ಲಿನ ದರಕ್ಕೇ ಹತ್ತಿ ಹಾಕಬೇಕಾಗುತ್ತದೆ.

ಮುಂದಿನ ಲೀಸಿನ ಹಣ ಕೊಡುವ ಮೊದಲು ಹಿಂದಿನ ವರ್ಷಗಳ ತೂಕದ ಚೀಟಿಗಳನ್ನು ತೆಗೆದು ಎಕರೆಯ ಸರಾಸರಿ ನೋಡಿ. ಅದು ನಿಮ್ಮ ಸಮತೋಲನ ಇಳುವರಿಗಿಂತ ಕೆಳಗಿದ್ದರೆ ಲೀಸು ಇಳಿಸಲು ಕೇಳಿ. ಇಳಿಸದಿದ್ದರೆ ಆ ಹೊಲ ಬಿಡಿ.